ಬೀಳುವುದೂ ಕುಣಿಯುವುದೂ ಅಕರ್ಮಕವೇ ತಾನೇ, ಮತ್ತೆ ಎರಡು ಗುಂಪು ಯಾಕೆ?

ಓದುಗರ ಪ್ರಶ್ನೆ: “ಭಾಷಾವಿಜ್ಞಾನದ ಪುಸ್ತಕಗಳಲ್ಲಿ ಅಕರ್ಮಕ ಕ್ರಿಯಾಪದಗಳನ್ನು ಅನ್‌ಅಕ್ಯುಸಟಿವ್, ಅನ್‌ಅರ್ಗೆಟಿವ್ ಅಂತ ಎರಡು ಮಾಡುತ್ತಾರೆ. ಬೀಳುವುದು ತಾನಾಗಿ ಆಗುತ್ತದೆ, ಕುಣಿಯುವುದನ್ನು ನಾವು ಬೇಕೆಂದು ಮಾಡುತ್ತೇವೆ. ಇದು ಬರೀ ಅರ್ಥದ ವ್ಯತ್ಯಾಸ ಅಲ್ವಾ? ವ್ಯಾಕರಣಕ್ಕೂ ಇದಕ್ಕೂ ಏನು ಸಂಬಂಧ?”

ಶಾಲೆಯಲ್ಲಿ ನಾವು ಕಲಿತದ್ದು ಸುಲಭದ ಉಪಾಯ. ‘ಏನನ್ನು?’ ಅಂತ ಕೇಳಿ, ಉತ್ತರ ಸಿಕ್ಕರೆ ಸಕರ್ಮಕ, ಸಿಗದಿದ್ದರೆ ಅಕರ್ಮಕ. ಆ ಲೆಕ್ಕದಲ್ಲಿ ಬೀಳು, ಕುಣಿ ಎರಡೂ ಒಂದೇ. 1978ರಲ್ಲಿ ಭಾಷಾವಿಜ್ಞಾನಿ ಡೇವಿಡ್ ಪರ್ಲ್‌ಮಟರ್ ಇದಕ್ಕೆ ತಕರಾರು ತೆಗೆದರು. ಅವರ ವಾದ ಇಷ್ಟು: ಕುಣಿಯುವವನು ಮೊದಲಿನಿಂದಲೂ ಕರ್ತೃವಿನ ಜಾಗದಲ್ಲೇ ಇರುತ್ತಾನೆ. ಬೀಳುವವನು ಮಾತ್ರ ಮೂಲದಲ್ಲಿ ಕರ್ಮದ ಜಾಗದಲ್ಲಿದ್ದು, ಕರ್ತೃವಿನ ಜಾಗ ಖಾಲಿ ಇರುವುದರಿಂದ ಅಲ್ಲಿಗೆ ಬಂದು ಕೂರುತ್ತಾನೆ. ಕುಣಿಯಂಥವು ಅನ್‌ಅರ್ಗೆಟಿವ್, ಬೀಳುವಂಥವು ಅನ್‌ಅಕ್ಯುಸಟಿವ್.

ಮೂಲದಲ್ಲಿ ಎಲ್ಲಿತ್ತು ಅಂತ ಕಣ್ಣಿಗೆ ಕಾಣುವುದಿಲ್ಲವಲ್ಲ, ಅದಕ್ಕೇ ಪರೀಕ್ಷೆಗಳು ಬೇಕು. ಇದು ತುಂಬ ಚೆನ್ನಾಗಿ ಕಾಣುವ ಭಾಷೆ ಇಟಾಲಿಯನ್. ಅಲ್ಲಿ ‘ನೆ’ ಅನ್ನುವ ಪುಟ್ಟ ಪದ ಇದೆ. ಅರ್ಥ ಹೆಚ್ಚೂಕಡಿಮೆ ‘ಅವುಗಳಲ್ಲಿ’ ಅಂತ. ಪುಸ್ತಕಗಳ ಮಾತು ನಡೆದಿದೆ ಅಂದುಕೊಳ್ಳಿ. “ಅವುಗಳಲ್ಲಿ ಮೂರು ಓದಿದೆ” ಅನ್ನಲು ಇಟಾಲಿಯನ್ನರು ‘ನೆ ಒ ಲೆತ್ತಿ ತ್ರೆ’ ಅನ್ನುತ್ತಾರೆ. ‘ತ್ರೆ’ ಅಂದರೆ ಮೂರು. ಅದು ಕೊನೆಯಲ್ಲಿ ಕರ್ಮದ ಜಾಗದಲ್ಲೇ ಉಳಿದಿದೆ, ಅದರ ಜೊತೆಗಾರ ‘ನೆ’ ಮಾತ್ರ ಕ್ರಿಯಾಪದದ ಮುಂದಕ್ಕೆ ಬಂದಿದೆ. ಹೀಗೆ ‘ನೆ’ ಕಿತ್ತು ಬರುವುದು ಕರ್ಮದಿಂದ ಮಾತ್ರ. “ಅವರಲ್ಲಿ ಮೂವರು ಆ ಪುಸ್ತಕ ಓದಿದರು” ಅನ್ನುವಾಗ ಮೂವರು ಕರ್ತೃ. ಅಲ್ಲಿ ‘ನೆ’ ಹಾಕಿದರೆ ಇಟಾಲಿಯನ್ ಕಿವಿ ಒಪ್ಪುವುದಿಲ್ಲ.

ಈಗ ಅಕರ್ಮಕಗಳಿಗೆ ಬನ್ನಿ. ಈ ಭಾಷೆಯಲ್ಲಿ ಕರ್ತೃ ಕ್ರಿಯಾಪದದ ಆಚೆಗೂ ಬರಬಹುದು. ‘ಬಂದರು ಮೂವರು’, ‘ಫೋನ್ ಮಾಡಿದರು ಮೂವರು’ ಎರಡೂ ಸರಿ. ಹೊರನೋಟಕ್ಕೆ ಒಂದೇ ಥರ. ‘ನೆ’ ಹಾಕಿ ನೋಡಿ. ‘ನೆ ಸೋನೊ ಅರ್ರಿವಾತಿ ತ್ರೆ’, ಅಂದರೆ ಅವರಲ್ಲಿ ಮೂವರು ಬಂದರು. ಪಕ್ಕಾ ಸರಿ. ‘ನೆ ಆನ್ನೊ ತೆಲೆಫೊನಾತೊ ತ್ರೆ’, ಅವರಲ್ಲಿ ಮೂವರು ಫೋನ್ ಮಾಡಿದರು. ತಪ್ಪು. ಬಂದ ಮೂವರು ಓದಿದ ಮೂರು ಪುಸ್ತಕಗಳ ಹಾಗೆ ನಡೆದುಕೊಂಡರು, ಫೋನ್ ಮಾಡಿದ ಮೂವರು ಪುಸ್ತಕ ಓದಿದವರ ಹಾಗೆ. ಇದನ್ನೆಲ್ಲ ಎಳೆಎಳೆಯಾಗಿ ಬಿಡಿಸಿಟ್ಟವರು ಲುಯಿಜಿ ಬುರ್ಜಿಯೊ, 1986ರ ತಮ್ಮ ಪುಸ್ತಕದಲ್ಲಿ.

ಮೇಲಿನ ಎರಡು ವಾಕ್ಯಗಳಲ್ಲೇ ಇನ್ನೊಂದು ಸುಳಿವು ಅಡಗಿದೆ. ಬಂದದ್ದಕ್ಕೆ ಸಹಾಯಕ ಕ್ರಿಯಾಪದ ‘ಸೋನೊ’, ಅದು ‘ಇರು’ ಅನ್ನುವುದರ ರೂಪ. ಫೋನಿಗೆ ‘ಆನ್ನೊ’, ಅದು ‘ಹೊಂದಿರು’ ಅನ್ನುವುದರ ರೂಪ. ಕೊನೆಯ ಅಕ್ಷರವನ್ನೂ ನೋಡಿ. ‘ಅರ್ರಿವಾತಿ’ಯ ‘ಇ’ ಬಹುವಚನ, ಬಂದವರಿಗೆ ಹೊಂದಿಕೊಂಡಿದೆ. ‘ತೆಲೆಫೊನಾತೊ’ ಮೂವರಿದ್ದರೂ ಮೂರು ಸಾವಿರ ಜನ ಇದ್ದರೂ ಹಾಗೇ ಇರುತ್ತದೆ. ‘ಇರು’ ಸಹಾಯಕ, ಹೊಂದಿಕೊಳ್ಳುವ ಕೊನೆಯಕ್ಷರ, ಇವೆರಡೂ ಇಟಾಲಿಯನ್ ಕರ್ಮಣಿ ಪ್ರಯೋಗದಲ್ಲೂ ಇವೆ. ಅಲ್ಲಂತೂ ಕರ್ಮವೇ ಮುಂದೆ ಬಂದು ಕರ್ತೃವಿನ ಜಾಗದಲ್ಲಿ ಕೂತಿರುತ್ತದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಸಿಗುವುದು ಇಲ್ಲಿ. ಬರೀ ಅರ್ಥ, ಅಂದರೆ ಬೇಕೆಂದು ಮಾಡುವುದು, ತಾನಾಗಿ ಆಗುವುದು ಇಷ್ಟೇ ಆಗಿದ್ದರೆ ಊರು ಬಿಟ್ಟು ಹೊರಟ ಮರೀಯಾ ಕುಣಿಯುವ ಗುಂಪಿಗೆ ಸೇರಬೇಕಿತ್ತು. ಹೊರಡುವುದು ಅವಳದೇ ತೀರ್ಮಾನ. ಆದರೆ ಅಲ್ಲಿ ಹೇಳುವುದು ‘ಮರೀಯಾ ಎ ಪರ್ತೀತ’, ‘ಇರು’ ಸಹಾಯಕ. ಸೂರ್ಯನಿಗೆ ಮನಸ್ಸು, ತೀರ್ಮಾನ ಏನೂ ಇಲ್ಲ. ಆದರೂ ‘ಸೂರ್ಯ ಹೊಳೆದ’ ಅನ್ನುವುದು ‘ಇಲ್ ಸೋಲೆ ಆ ಬ್ರಿಲ್ಲಾತೊ’, ‘ಹೊಂದಿರು’ ಸಹಾಯಕ. ಓಟದಲ್ಲಂತೂ ಒಂದೇ ಕ್ರಿಯಾಪದ ಗುಂಪು ಬದಲಿಸುತ್ತದೆ. ಸುಮ್ನೆ ಓಡಿದ್ದಾದರೆ ‘ಮರೀಯಾ ಆ ಕೊರ್ಸೊ’. ಮನೆಗೆ ಓಡಿದ್ದಾದರೆ ‘ಮರೀಯಾ ಎ ಕೊರ್ಸ ಆ ಕಾಸ’. ಕಾಲು ಅವೇ, ಇಚ್ಛೆಯೂ ಅದೇ. ತಲುಪುವ ಜಾಗ ಸೇರಿದ್ದಕ್ಕೆ ಸಹಾಯಕ ಬದಲಾಯಿತು. ಹಾಗಂತ ಅರ್ಥಕ್ಕೆ ಪಾತ್ರವೇ ಇಲ್ಲ ಅಂತಲ್ಲ. ಜಾಗ ಅಥವಾ ಸ್ಥಿತಿ ಬದಲಾಗಿ ಒಂದು ಕೊನೆ ಮುಟ್ಟುವ ಕ್ರಿಯೆಗಳು ಬೀಳುವ ಗುಂಪಿಗೆ ವಾಲುತ್ತವೆ. ಪೂರ್ತಿ ಲೆಕ್ಕ ಅದರಿಂದಲೇ ಸಿಗುವುದಿಲ್ಲ, ಅಷ್ಟೇ. ಮುಖ ಕೆಂಪೇರುವುದಕ್ಕೆ ಇಟಾಲಿಯನ್ ‘ಇರು’ ಹಾಕಿದರೆ ಡಚ್ ‘ಹೊಂದಿರು’ ಹಾಕುತ್ತದೆ.

ಪರೀಕ್ಷೆಗಳೂ ಕೈಕೊಡುತ್ತವೆ. ‘ನೆ’ಯನ್ನೇ ತೆಗೆದುಕೊಳ್ಳಿ. “ಈ ರಸ್ತೆಯಲ್ಲಿ ತುಂಬ ಜನ ನಡೆಯುತ್ತಾರೆ” ಅನ್ನುವಂಥ ಮಾತಿನಲ್ಲಿ ಕುಣಿಯುವ ಗುಂಪಿನ ಕ್ರಿಯಾಪದದ ಜೊತೆಗೂ ‘ನೆ’ ಬಂದುಬಿಡಬಹುದು. ಹಾಗಾಗಿ ಸಹಾಯಕ ಕ್ರಿಯಾಪದ ಇರುವ ವಾಕ್ಯದಲ್ಲೇ ಪರೀಕ್ಷಿಸಬೇಕು, ಅಲ್ಲಿ ಅದು ಜಾಸ್ತಿ ನಂಬಿಕಸ್ತ.

ಇದನ್ನು ಓದಿದ ಮೇಲೆ ಕನ್ನಡದಲ್ಲೂ ಮಾಡಿ ನೋಡೋಣ ಅನ್ನಿಸುವುದು ಸಹಜ. ಇಂಗ್ಲಿಷಿನ ಒಂದು ಹೆಸರಾಂತ ಪರೀಕ್ಷೆ ಇದೆ: ‘ಫಾಲನ್ ಲೀಫ್’ ಸರಿ, ‘ಡಾನ್ಸ್ಡ್ ಗರ್ಲ್’ ತಪ್ಪು. ಕನ್ನಡದಲ್ಲಿ ಬಿದ್ದ ಎಲೆ, ಕುಣಿದ ಹುಡುಗಿ ಎರಡೂ ಸರಿ. ಯಾಕೆಂದರೆ ನಮ್ಮ ‘ಕುಣಿದ’ ಒಂದು ಇಡೀ ವಾಕ್ಯದ ಕೆಲಸ ಮಾಡುತ್ತದೆ. ಪುಸ್ತಕ ಓದಿದ ಹುಡುಗಿ, ಹುಡುಗಿ ಓದಿದ ಪುಸ್ತಕ, ಯಾರ ಹಿಂದೆ ಬೇಕಾದರೂ ಕೂರುತ್ತದೆ. ಕರ್ತೃ, ಕರ್ಮ ಅಂತ ಭೇದವನ್ನೇ ಮಾಡದ ರೂಪ ಪರೀಕ್ಷೆಗೆ ಬರುವುದಿಲ್ಲ.

ವರದಿಗಳಲ್ಲಿ ಸದಾ ಕಾಣುವ ‘ಲಾಯಿತು’ ಸ್ವಲ್ಪ ಆಸೆ ಹುಟ್ಟಿಸುತ್ತದೆ. ಪರ್ಲ್‌ಮಟರ್ ಹಿಡಿದ ಡಚ್ ಪರೀಕ್ಷೆ ಇದೇ ಜಾತಿಯದು: ಡಚ್ಚಿನಲ್ಲಿ ‘ಕುಣಿಯಲಾಯಿತು’ ಅನ್ನಬಹುದು, ‘ಬೀಳಲಾಯಿತು’ ಅನ್ನುವಂತಿಲ್ಲ. ಕನ್ನಡದಲ್ಲೂ ‘ರಾತ್ರಿಯಿಡೀ ಕುಣಿಯಲಾಯಿತು’ ಸ್ವಲ್ಪ ಭಾರ ಅನ್ನಿಸಿದರೂ ದಾಟುತ್ತದೆ, ‘ಬೀಳಲಾಯಿತು’ ದಾಟುವುದಿಲ್ಲ. ಆದರೆ ಇಟಾಲಿಯನ್‌ನಲ್ಲಿ ನೋಡಿದ ಆ ಎರಡು ತಂಟೆಯ ಕ್ರಿಯಾಪದಗಳನ್ನೇ ಹಾಕಿ ನೋಡಿ. ‘ಬೆಳಿಗ್ಗೆ ಆರಕ್ಕೆ ಅಲ್ಲಿಂದ ಹೊರಡಲಾಯಿತು’ ಪ್ರವಾಸದ ವರದಿಗಳಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ. ‘ಹೊಳೆಯಲಾಯಿತು’ ಅಂತ ಯಾರೂ ಬರೆಯುವುದಿಲ್ಲ. ಇಟಾಲಿಯನ್‌ಗೆ ಪೂರ್ತಿ ಉಲ್ಟಾ! ಅಂದರೆ ‘ಲಾಯಿತು’ ಕೇಳುತ್ತಿರುವುದು ‘ಬೇಕೆಂದು ಮಾಡಿದವರು ಇದ್ದಾರಾ?’ ಅಂತ. ಕರ್ಮದ ಜಾಗದ ಬಗ್ಗೆ ಅದು ಏನೂ ಹೇಳುತ್ತಿಲ್ಲ. ನೀವೇ ಪಟ್ಟಿ ಮಾಡಿ ನೋಡುವುದಾದರೆ ‘ಒಡೆ’ಯಂಥವನ್ನು ಬಿಟ್ಟುಬಿಡಿ. ‘ಗಾಜು ಒಡೆಯಿತು’ ಅಕರ್ಮಕ, ‘ಗಾಜು ಒಡೆಯಲಾಯಿತು’ ಅನ್ನುವಾಗ ಮಾತ್ರ ಅದರ ಸಕರ್ಮಕ ರೂಪವೇ ಒಳಗೆ ಬಂದಿರುತ್ತದೆ.