ಒಂದು ಕುರ್ಚಿ, ಇಬ್ಬರು, ಬುಧವಾರದ ಎರಡು ಗಂಟೆ

ಒಂದೇ ಹುದ್ದೆಯನ್ನು ಇಬ್ಬರು ಹಂಚಿಕೊಂಡು ಮಾಡುವುದು ಜಾಬ್ ಶೇರಿಂಗ್. ಎಚ್‌ಆರ್ ಕೆಲಸದಲ್ಲಿ ನಾನು ನೋಡಿರುವ ಇಂಥ ಅರ್ಜಿಗಳು ಹೆಚ್ಚಾಗಿ ಒಂದೇ ಕಡೆ ಎಡವುತ್ತವೆ. ನನಗೆ ಇದು ಯಾಕೆ ಬೇಕು ಅಂತ ಎರಡು ಪುಟ ಇರುತ್ತದೆ. ನಾನಿಲ್ಲದ ದಿನ ಕೆಲಸ ಹೇಗೆ ನಡೆಯುತ್ತದೆ ಅನ್ನೋದಕ್ಕೆ ಎರಡು ಸಾಲೂ ಇರುವುದಿಲ್ಲ.

ಅಕೌಂಟ್ಸ್‌ನಲ್ಲಿ ಸಪ್ಲೈಯರ್‌ಗಳ ಬಿಲ್ ನೋಡಿಕೊಳ್ಳುತ್ತಿದ್ದ ಒಬ್ಬರು ಇಂಥದ್ದೇ ಅರ್ಜಿ ತಂದಿದ್ದರು. ಅವರ ಮ್ಯಾನೇಜರ್ ಕೇಳಿದ್ದು ಒಂದೇ ಮಾತು: "ಗುರುವಾರ ಸಪ್ಲೈಯರ್ ಫೋನ್ ಮಾಡಿದರೆ ಯಾರು ಉತ್ತರ ಕೊಡ್ತಾರೆ ಮೇಡಂ?" ಅದಕ್ಕೆ ಅವರ ಬಳಿ ಉತ್ತರ ಇರಲಿಲ್ಲ.

ಎರಡು ವಾರ ಮಾಡಿದ ಕೆಲಸವನ್ನೆಲ್ಲ ಬರೆದಿಡಿ ಅಂದೆ. ವಾರದ 40 ಗಂಟೆಯಲ್ಲಿ ಬಿಲ್ ಎಂಟ್ರಿಗೆ 22, ಸಪ್ಲೈಯರ್ ಜೊತೆ ಮಾತುಕತೆಗೆ 8, ಪಾವತಿ ತಯಾರಿಗೆ 6, ಮೀಟಿಂಗ್‌ಗೆ 4 ಹೋಗುತ್ತಿತ್ತು. ಎಂಟ್ರಿಯನ್ನು ದಿನದ ಲೆಕ್ಕದಲ್ಲಿ ಹಂಚಿದರೆ ಸಾಕು. ಕಷ್ಟ ಇರುವುದು ಆ 8 ಗಂಟೆಯಲ್ಲಿ. ಹಿಂದಿನ ವಾರ ಯಾರಿಗೆ ಏನು ಹೇಳಿದ್ದೇವೆ ಅಂತ ಇಬ್ಬರಿಗೂ ಗೊತ್ತಿರಬೇಕಲ್ವಾ? ಹಾಗಾಗಿ ಪ್ರತಿ ಸಪ್ಲೈಯರ್‌ಗೂ ಇಬ್ಬರಲ್ಲಿ ಒಬ್ಬರು ಜವಾಬ್ದಾರರು ಅಂತ ಬರೆದೆವು. ಅವರಿಲ್ಲದ ದಿನ ಇನ್ನೊಬ್ಬರು ಇಬ್ಬರೂ ತುಂಬುವ ಶೀಟ್ ನೋಡಿ ಉತ್ತರಿಸುತ್ತಾರೆ. ತಕರಾರಿನ ಬಿಲ್ ಮಾತ್ರ ಜವಾಬ್ದಾರರಿಗೆ ಕಾಯುತ್ತದೆ.

ಸಮಯ ಹೀಗೆ ಹಂಚಿಕೆಯಾಯಿತು. ಒಬ್ಬರು ಸೋಮವಾರ, ಮಂಗಳವಾರ ಪೂರ್ತಿ, ಬುಧವಾರ ಮೊದಲ 5 ಗಂಟೆ. ಇನ್ನೊಬ್ಬರು ಬುಧವಾರ ಕೊನೆಯ 5 ಗಂಟೆ, ಗುರುವಾರ, ಶುಕ್ರವಾರ ಪೂರ್ತಿ. ನಡುವೆ 2 ಗಂಟೆ ಇಬ್ಬರೂ ಇರುತ್ತಾರೆ. ಒಟ್ಟು 42 ಗಂಟೆ. ಅಂದರೆ ಕಂಪನಿಗೆ 2 ಗಂಟೆಯ ಸಂಬಳ ಜಾಸ್ತಿ, ಜೊತೆಗೆ ಎರಡನೆಯವರ ತರಬೇತಿ ಖರ್ಚು. ಇದನ್ನು ಮುಚ್ಚಿಡಬೇಡಿ, ಅರ್ಜಿಯಲ್ಲೇ ಬರೆಯಿರಿ. ಮ್ಯಾನೇಜರ್ ತಾವೇ ಲೆಕ್ಕ ಹಾಕಿ ಕಂಡುಕೊಂಡರೆ ಉಳಿದದ್ದನ್ನೂ ನಂಬುವುದಿಲ್ಲ.

ಲಾಭವನ್ನೂ ಇಷ್ಟೇ ನಿಖರವಾಗಿ ಹೇಳಬೇಕು. ಒಬ್ಬರು ರಜೆ ಹಾಕಿದರೂ ಅರ್ಧ ಕೆಲಸ ನಡೆಯುತ್ತದೆ. ಅನುಭವ ಇರುವವರು ಪೂರ್ತಿ ಬಿಟ್ಟು ಹೋಗುವುದಿಲ್ಲ. ಮ್ಯಾನೇಜರ್‌ಗೆ ಹೆಚ್ಚು ಹಿಡಿಸಿದ್ದು ಮೂರನೆಯದು: ಪಾವತಿ ಪಟ್ಟಿಯನ್ನು ಒಬ್ಬರು ಮಂಗಳವಾರ ಮಾಡುತ್ತಾರೆ, ಇನ್ನೊಬ್ಬರು ಗುರುವಾರ ಪರಿಶೀಲಿಸುತ್ತಾರೆ. ಒಂದೇ ಬಿಲ್‌ಗೆ ಎರಡು ಸಲ ದುಡ್ಡು ಹೋಗುವುದು ಇಂಥ ಎರಡನೇ ಕಣ್ಣಿಗೆ ಬೇಗ ಬೀಳುತ್ತದೆ.

ಮೂರು ತಿಂಗಳ ಪ್ರಯೋಗ ಅಂತ ಕೇಳಿದೆವು. ಪ್ರತಿ ಬುಧವಾರ ಬಾಕಿ ಬಿಲ್ ಎಣಿಸುವುದು ಅಳತೆ. ವ್ಯವಸ್ಥೆ ಹಳಿ ತಪ್ಪಿದರೆ ಮೊದಲು ಗೊತ್ತಾಗುವುದು ಎರಡು ಕಡೆ: ಒಂದೇ ಮೇಲ್‌ಗೆ ಎರಡು ಉತ್ತರ ಹೋಗುತ್ತದೆ, ಅಥವಾ ಒಬ್ಬರು ರಜೆಯ ದಿನವೂ ಮನೆಯಿಂದ ಫೋನ್ ಎತ್ತಲು ಶುರು ಮಾಡುತ್ತಾರೆ. ಎರಡನೆಯದನ್ನು ಶ್ರದ್ಧೆ ಅಂತ ಹೊಗಳಬೇಡಿ. ಶೀಟ್‌ನಲ್ಲಿ ಏನೋ ಬಿಟ್ಟುಹೋಗಿದೆ ಅಂತ ಅರ್ಥ.

ಇಬ್ಬರಲ್ಲಿ ಒಬ್ಬರು ಕೆಲಸ ಬಿಟ್ಟರೆ? ಅದನ್ನೂ ಮೊದಲೇ ಬರೆದೆವು. ಉಳಿದವರಿಗೆ ಪೂರ್ತಿ ಹುದ್ದೆ ಬೇಕಾ ಅಂತ ಮೊದಲು ಕೇಳುವುದು. ಬೇಡ ಅಂದರೆ ಅರ್ಧ ಹುದ್ದೆಗೆ ಹೊಸಬರನ್ನು ಹುಡುಕುವುದು. ಮ್ಯಾನೇಜರ್ ಸಹಿ ಹಾಕುವ ಮೊದಲು ಎರಡು ಸಲ ಓದಿದ್ದು ಈ ಸಾಲನ್ನೇ.