ಫೋನ್ ಎತ್ತದ ರೋಗಿಯನ್ನು ಲೆಕ್ಕದಲ್ಲಿ ಎಲ್ಲಿ ಇಡೋದು?

ಕೋಲಾರದ ಕಡೆ ಡಯಾಲಿಸಿಸ್ ಶುರು ಮಾಡಿದ ರೋಗಿಗಳನ್ನು ಎರಡು ವರ್ಷ ಹಿಂಬಾಲಿಸುವ ಒಂದು ರಿಜಿಸ್ಟರ್ ಇದೆ ಅಂದುಕೊಳ್ಳಿ. ಕೆಳಗಿನ ಹತ್ತು ಜನರ ಪಟ್ಟಿ ಲೆಕ್ಕ ತೋರಿಸಲು ನಾನೇ ಮಾಡಿಕೊಂಡಿದ್ದು. ಆದರೆ ಇಂಥ ರಿಜಿಸ್ಟರ್ ತಿರುವಿದವರಿಗೆ ಇದು ಹೊಸದಲ್ಲ. ಮುಳಬಾಗಿಲಿನ ರೋಗಿ ಗಡಿ ದಾಟಿ ಆಂಧ್ರದಲ್ಲಿರುವ ಮಗಳ ಮನೆ ಸೇರಿರುತ್ತಾರೆ. ಬಂಗಾರಪೇಟೆಯವರು ಬೆಂಗಳೂರಿಗೆ ಹೋಗಿ ಅಲ್ಲೇ ಉಳಿದಿರುತ್ತಾರೆ. ಫೋನ್ ಮಾಡಿದರೆ ಸ್ವಿಚ್ ಆಫ್.

| ರೋಗಿ | ತಿಂಗಳು | ಕೊನೆಗೆ ಗೊತ್ತಿರುವುದು |
|---|---|---|
| 1 | 2 | ತೀರಿಕೊಂಡರು |
| 2 | 4 | ಸಂಪರ್ಕ ತಪ್ಪಿತು |
| 3 | 5 | ತೀರಿಕೊಂಡರು |
| 4 | 7 | ಸಂಪರ್ಕ ತಪ್ಪಿತು |
| 5 | 8 | ತೀರಿಕೊಂಡರು |
| 6 | 11 | ತೀರಿಕೊಂಡರು |
| 7 | 13 | ಬದುಕಿದ್ದಾರೆ, ತಡವಾಗಿ ಸೇರಿದವರು |
| 8 | 16 | ತೀರಿಕೊಂಡರು |
| 9 | 20 | ಬದುಕಿದ್ದಾರೆ, ತಡವಾಗಿ ಸೇರಿದವರು |
| 10 | 24 | ಬದುಕಿದ್ದಾರೆ |

ಪ್ರಶ್ನೆ ಸರಳ: ಒಂದು ವರ್ಷ ದಾಟುವವರು ನೂರಕ್ಕೆ ಎಷ್ಟು ಜನ? ಉತ್ತರ ಅಷ್ಟು ಸರಳವಲ್ಲ. 2 ಮತ್ತು 4ನೇ ರೋಗಿಗಳು ವರ್ಷ ತುಂಬುವ ಮೊದಲೇ ಕಣ್ಮರೆಯಾಗಿದ್ದಾರೆ. ಅವರು ಬದುಕಿದ್ದಾರೆ ಅಂತ ಹಿಡಿದರೆ 10ರಲ್ಲಿ 6, ಅಂದರೆ ಶೇ. 60. ಅವರನ್ನು ಪಟ್ಟಿಯಿಂದ ಹೊಡೆದುಹಾಕಿದರೆ 8ರಲ್ಲಿ 4, ಅಂದರೆ ಶೇ. 50. ಮೊದಲನೆಯದರಲ್ಲಿ ನಮಗೆ ಗೊತ್ತಿಲ್ಲದ ತಿಂಗಳುಗಳನ್ನೂ ಅವರ ಖಾತೆಗೆ ಬರೆದೆವು. ಎರಡನೆಯದರಲ್ಲಿ ಅವರು ನಿಜವಾಗಿ ಬದುಕಿದ 4 ಮತ್ತು 7 ತಿಂಗಳನ್ನು ಸುಮ್ನೆ ಎಸೆದೆವು. ಎರಡೂ ತಪ್ಪೇ, ಅಲ್ವಾ?

ಹೀಗೆ ‘ಇಲ್ಲಿಯವರೆಗೆ ಬದುಕಿದ್ದರು, ಮುಂದೆ ಗೊತ್ತಿಲ್ಲ’ ಎನ್ನುವ ದಾಖಲೆಗೆ ಸಂಖ್ಯಾಶಾಸ್ತ್ರದವರು ಸೆನ್ಸಾರ್ ಆದದ್ದು ಎನ್ನುತ್ತಾರೆ. 7, 9 ಮತ್ತು 10ನೇ ರೋಗಿಗಳೂ ಈ ಗುಂಪಿನವರೇ. ಅವರ ಕಥೆ ಮುಗಿಯುವ ಮೊದಲು ನಮ್ಮ ರಿಜಿಸ್ಟರ್ ಮುಗಿಯಿತು, ಅಷ್ಟೇ.

ತೊಡಕು ಹಳೆಯದು. 1693ರಲ್ಲಿ ಎಡ್ಮಂಡ್ ಹ್ಯಾಲಿ (ಧೂಮಕೇತುವಿನ ಹ್ಯಾಲಿಯೇ) ಬ್ರೆಸ್ಲಾವ್ ಊರಿನ ಜನನ ಮರಣದ ದಾಖಲೆಯಿಂದ ಆಯಸ್ಸಿನ ಪಟ್ಟಿ ಮಾಡಿದ. ಮುಂದೆ ಇನ್ಶೂರೆನ್ಸ್ ಕಂಪನಿಗಳವರು ಆ ದಾರಿಯನ್ನು ಬೆಳೆಸಿದರು. ಪಾಲಿಸಿ ಬಿಟ್ಟು ಹೋದವರನ್ನು ಏನು ಮಾಡೋದು ಎಂಬುದು ಅವರಿಗೂ ತಲೆನೋವೇ. 1950ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಬರ್ಕ್ಸನ್ ಮತ್ತು ಗೇಜ್ ಕ್ಯಾನ್ಸರ್ ರೋಗಿಗಳ ಲೆಕ್ಕಕ್ಕೆ ಆ ಪದ್ಧತಿಯನ್ನು ತಂದರು. ಕಾಲವನ್ನು ವರ್ಷ ವರ್ಷವಾಗಿ ತುಂಡು ಮಾಡು, ನಡುವೆ ಬಿಟ್ಟುಹೋದ ಪ್ರತಿಯೊಬ್ಬರನ್ನೂ ಅರ್ಧ ಜನ ಅಂತ ಎಣಿಸು. ನಮ್ಮ ಪಟ್ಟಿಯಲ್ಲಿ ಮೊದಲ ವರ್ಷ ಬಿಟ್ಟುಹೋದವರು ಇಬ್ಬರು, ಆದ್ದರಿಂದ 10ರ ಬದಲು 9. ಸಾವು 4. ಬದುಕುಳಿದವರು 9ರಲ್ಲಿ 5, ಸುಮಾರು ಶೇ. 56. ಸಾವಿರಾರು ಜನರಿದ್ದರೆ ಇದು ನಡೆಯುತ್ತದೆ. ಹತ್ತೇ ಜನರಿದ್ದಾಗ ತುಂಡನ್ನು ಎಲ್ಲಿ ಕತ್ತರಿಸಿದಿರಿ ಎನ್ನುವುದರ ಮೇಲೆ ಉತ್ತರ ಕುಣಿಯುತ್ತದೆ.

ಆ ಹೊತ್ತಿಗೆ ಎಡ್ವರ್ಡ್ ಕಪ್ಲಾನ್ ಬೆಲ್ ಲ್ಯಾಬ್ಸ್‌ನಲ್ಲಿ ಸಮುದ್ರದಡಿಯ ಟೆಲಿಫೋನ್ ಕೇಬಲ್‌ನ ಎಲೆಕ್ಟ್ರಾನಿಕ್ ವಾಲ್ವ್‌ಗಳು ಎಷ್ಟು ಕಾಲ ಬಾಳಿಕೆ ಬರುತ್ತವೆ ಎಂದು ನೋಡುತ್ತಿದ್ದರು. ಪಾಲ್ ಮೈಯರ್ ರೋಗಿಗಳ ಆಯಸ್ಸಿನ ಹಿಂದೆ ಬಿದ್ದಿದ್ದರು. ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇಬ್ಬರೂ ಒಂದೇ ಪರಿಹಾರಕ್ಕೆ ಬಂದು ಒಂದೇ ಪತ್ರಿಕೆಗೆ ಲೇಖನ ಕಳಿಸಿದರು. ಸಂಪಾದಕರು ಸೇರಿ ಬರೆಯಿರಿ ಎಂದರು. ಎರಡನ್ನೂ ಒಂದು ಮಾಡಲು ನಾಲ್ಕು ವರ್ಷ ಹಿಡಿಯಿತು. 1958ರಲ್ಲಿ ಲೇಖನ ಅಚ್ಚಾಯಿತು.

ಅವರು ಮಾಡಿದ್ದು ಇಷ್ಟು: ವರ್ಷದ ತುಂಡುಗಳನ್ನು ಬಿಟ್ಟರು. ಸಾವು ಆದ ಪ್ರತಿ ಹೊತ್ತಿನಲ್ಲೂ ನಿಂತು ಒಂದೇ ಪ್ರಶ್ನೆ ಕೇಳಿದರು. ಇದಕ್ಕೆ ಸ್ವಲ್ಪ ಮೊದಲು ನಮ್ಮ ಕಣ್ಣಳತೆಯಲ್ಲಿ ಬದುಕಿದ್ದವರು ಎಷ್ಟು ಜನ, ಅವರಲ್ಲಿ ದಾಟಿದವರು ಎಷ್ಟು?

2ನೇ ತಿಂಗಳಲ್ಲಿ 10 ಜನರಿದ್ದರು, 9 ಜನ ದಾಟಿದರು. ಉಳಿವು 0.9. ತಿಂಗಳು ಕಳೆದಂತೆ ಈ ಉಳಿವು ಎಷ್ಟು ಅಂತ ಒಂದು ಗೆರೆ ಎಳೆಯುತ್ತಾ ಹೋಗಿ. 4ನೇ ತಿಂಗಳಲ್ಲಿ ಸಾವಿಲ್ಲ, ಒಬ್ಬರು ಕಣ್ಮರೆಯಾದರು ಅಷ್ಟೇ. ಗೆರೆ ಇಳಿಯುವುದಿಲ್ಲ, ಆದರೆ ಮುಂದಿನ ಎಣಿಕೆಯಿಂದ ಅವರು ಹೊರಗೆ. 5ನೇ ತಿಂಗಳ ಹೊತ್ತಿಗೆ 8 ಜನ, ದಾಟಿದವರು 7. ಹಿಂದಿನದಕ್ಕೆ ಗುಣಿಸಬೇಕು: 0.9 × 7/8 = 0.7875. 8ನೇ ತಿಂಗಳಲ್ಲಿ ಉಳಿದವರು 6: 0.7875 × 5/6 = 0.656. 11ರಲ್ಲಿ 5 ಜನ: 0.656 × 4/5 = 0.525. 16ರಲ್ಲಿ ಮೂವರೇ: 0.525 × 2/3 = 0.35. ಆಮೇಲೆ ಸಾವಿಲ್ಲ, ಗೆರೆ ಮಟ್ಟಸವಾಗಿ ಹೋಗುತ್ತದೆ. ಒಂದೇ ತಿಂಗಳಲ್ಲಿ ಸಾವೂ ಸೆನ್ಸಾರೂ ಬಂದರೆ ಸಾವು ಮೊದಲು ಅಂತ ಹಿಡಿಯುವುದು ವಾಡಿಕೆ.

ಅಂದರೆ ಒಂದು ವರ್ಷದ ಉಳಿವು ಶೇ. 52.5. ಗೆರೆ ಅರ್ಧಕ್ಕಿಂತ ಕೆಳಗೆ ಇಳಿಯುವುದು 16ನೇ ತಿಂಗಳಲ್ಲಿ, ಅದೇ ಮೀಡಿಯನ್.

ಗುಣಾಕಾರದ ಹಿಂದೆ ಇರುವುದು ಏನು ಎಂದು 1967ರಲ್ಲಿ ಬ್ರಾಡ್ಲಿ ಎಫ್ರಾನ್ ಬೇರೆ ರೀತಿ ತೋರಿಸಿದರು. ನನಗೆ ಇದೇ ಇಷ್ಟ. ಶುರುವಿನಲ್ಲಿ ಪ್ರತಿ ರೋಗಿಯ ಪಾಲು 0.1. 2ನೇ ರೋಗಿ ಕಣ್ಮರೆಯಾದಾಗ ಅವರ 0.1 ಪಾಲು ಹಿಂದೆ ಉಳಿದ 8 ಜನರಿಗೆ ಸಮನಾಗಿ ಹಂಚಿಕೆ ಆಗುತ್ತದೆ. ತಲಾ 0.0125 ಸೇರಿ ಒಬ್ಬೊಬ್ಬರ ಪಾಲು 0.1125 ಆಯಿತು. 5ನೇ ತಿಂಗಳ ಸಾವಿಗೆ ಗೆರೆ ಅಷ್ಟೇ ಇಳಿಯುತ್ತದೆ: 0.9ರಿಂದ 0.7875ಕ್ಕೆ. ಮನೆ ಬಿಟ್ಟು ಹೋದ ಅಣ್ಣನ ಜಮೀನನ್ನು ಉಳಿದ ತಮ್ಮಂದಿರು ಸಮನಾಗಿ ಉಳುವ ಹಾಗೆ. ಹೋದವರಿಗೂ ಉಳಿದವರ ಗತಿಯೇ ಆಗಿರುತ್ತದೆ ಎಂಬ ನಂಬಿಕೆ ಈ ಹಂಚಿಕೆಯೊಳಗೇ ಇದೆ.

ತಪ್ಪುವುದೂ ಅಲ್ಲೇ. 4ನೇ ರೋಗಿ ಬೆಂಗಳೂರಲ್ಲಿ ಕೆಲಸ ಸಿಕ್ಕಿ ಹೋಗಿದ್ದರೆ ತೊಂದರೆಯಿಲ್ಲ. ತೀರಾ ನಿತ್ರಾಣವಾಗಿ, ‘ಇನ್ನು ಆಸ್ಪತ್ರೆ ಬೇಡ’ ಅಂತ ಊರಿಗೆ ಹೋಗಿದ್ದರೆ? ಆಗ ಸಾಯುವ ಸಂಭವ ಜಾಸ್ತಿ ಇದ್ದವರ ಪಾಲನ್ನು ಗಟ್ಟಿಯಾಗಿದ್ದವರಿಗೆ ಹಂಚಿದ ಹಾಗಾಯಿತು. ಗೆರೆ ನಿಜಕ್ಕಿಂತ ಮೇಲೆ ನಿಲ್ಲುತ್ತದೆ. ಗೆರೆಯನ್ನೇ ನೋಡಿ ಇದನ್ನು ಹಿಡಿಯಲು ಆಗುವುದಿಲ್ಲ. ಹೋದವರ ವಯಸ್ಸು, ಸಕ್ಕರೆ ಕಾಯಿಲೆ, ಕೊನೆಯ ರಕ್ತಪರೀಕ್ಷೆ ಉಳಿದವರಿಗಿಂತ ಬೇರೆ ಇದೆಯಾ ಅಂತ ರಿಜಿಸ್ಟರ್‌ನಲ್ಲಿ ನೋಡಬೇಕು. ಊರಿನ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಬೇಕು.

ಅದೂ ಆಗದಿದ್ದರೆ ಎರಡು ತುದಿ ನೋಡಿ. 2 ಮತ್ತು 4ನೇ ರೋಗಿಗಳು ಕಣ್ಮರೆಯಾದ ತಿಂಗಳಲ್ಲೇ ತೀರಿಕೊಂಡರು ಅಂತ ಹಿಡಿದರೆ ಒಂದು ವರ್ಷದ ಉಳಿವು ಶೇ. 40. ಇಬ್ಬರೂ ವರ್ಷ ದಾಟಿದರು ಅಂದರೆ ಶೇ. 60. ನಮ್ಮ 52.5 ಈ ಎರಡರ ನಡುವೆ ಇದೆ. ಹತ್ತರಲ್ಲಿ ಇಬ್ಬರ ಸುದ್ದಿ ಗೊತ್ತಿಲ್ಲದ್ದಕ್ಕೆ ತೆರುವ ಬೆಲೆ ಇದು.

ಇನ್ನು ಗೆರೆಯ ಬಾಲದ ವಿಷಯ. 1926ರಲ್ಲಿ ಮೇಜರ್ ಗ್ರೀನ್‌ವುಡ್ (ಮೇಜರ್ ಎನ್ನುವುದು ಅವರ ಹೆಸರೇ, ಪದವಿಯಲ್ಲ) ಕೊಟ್ಟ ಸೂತ್ರ ಹಾಕಿದರೆ 52.5ರ ಸುತ್ತ ಶೇ. 95ರ ವಿಶ್ವಾಸದ ಅಂತರ, ಅಂದರೆ ನಿಜವಾದ ಉಳಿವು ಇರಬಹುದಾದ ವ್ಯಾಪ್ತಿ, ಸುಮಾರು 18ರಿಂದ 87ರವರೆಗೆ ಚಾಚುತ್ತದೆ. 16ನೇ ತಿಂಗಳಲ್ಲಿ ಕೆಳಗಿನ ತುದಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಸೊನ್ನೆಗಿಂತ ಕಡಿಮೆ ಜನ ಬದುಕುಳಿಯಲು ಸಾಧ್ಯವೇ ಇಲ್ಲ. ಹಾಗಾಗಿ ಈಗಿನ ಸಾಫ್ಟ್‌ವೇರ್‌ಗಳಲ್ಲಿ ಲಾಗರಿದಮ್ ಬಳಸಿ ಅಂತರವನ್ನು ಸರಿಪಡಿಸುವ ಆಯ್ಕೆ ಇರುತ್ತದೆ. ಆದರೂ ಮೂವರಲ್ಲಿ ಒಬ್ಬರು ತೀರಿಕೊಂಡದ್ದಕ್ಕೆ ಗೆರೆ ಮೂರನೇ ಒಂದು ಭಾಗ ಕುಸಿಯಿತು ಎಂಬುದು ಹಾಗೇ ಉಳಿಯುತ್ತದೆ. 24ನೇ ತಿಂಗಳವರೆಗಿನ ಮಟ್ಟಸ ಗೆರೆ ನೋಡಿ ‘ಮೂರರಲ್ಲಿ ಒಬ್ಬರು ಪಾರಾದರು’ ಅಂತ ಹೇಳಿಬಿಡುವವರಿದ್ದಾರೆ. ಆ ಗೆರೆಯ ಕೊನೆಯನ್ನು ಹಿಡಿದು ನಿಂತಿರುವುದು ಇಬ್ಬರು, ಆಮೇಲೆ ಒಬ್ಬರೇ. ಅದಕ್ಕೇ ಆಯಾ ಹೊತ್ತಿಗೆ ಎಣಿಕೆಯಲ್ಲಿ ಉಳಿದವರು ಎಷ್ಟು ಜನ ಅಂತ ಗೆರೆಯ ಕೆಳಗೆ ಒಂದು ಸಾಲು ಬರೆಯಬೇಕು: 0 ತಿಂಗಳಿಗೆ 10, 6ಕ್ಕೆ 7, 12ಕ್ಕೆ 4, 18ಕ್ಕೆ 2, 24ಕ್ಕೆ 1. ಆ ಸಾಲು ಇಲ್ಲದ ಚಿತ್ರ ಕಂಡರೆ ನಾನು ಅದರ ಬಲಗಡೆಯ ಅರ್ಧವನ್ನು ಓದುವುದಿಲ್ಲ.