ನೂರು ಕಿಲೋಮೀಟರ್ ಕ್ಷಿಪಣಿ ನಿಜವಾಗಿ ಎಷ್ಟು ದೂರ ಹೊಡೆಯುತ್ತದೆ?

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರು ಕೇಳದವರು ಕೊಡಗಿನಲ್ಲಿ ಕಡಿಮೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದಾಗ ಅವರು ಹಾರಿಸುತ್ತಿದ್ದದ್ದು ಮಿಸ್ಟೇರ್ ವಿಮಾನ. ಎದುರಾದದ್ದು ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್. ಆದರೆ ನೆಲಕ್ಕೆ ಹತ್ತಿರ, ಸುತ್ತಿ ಸುತ್ತಿ ನಡೆಯುವ ಕಾದಾಟದಲ್ಲಿ ಆ ವೇಗ ಕೆಲಸಕ್ಕೆ ಬರುವುದಿಲ್ಲ. ದೇವಯ್ಯ ಫಿರಂಗಿಯಿಂದಲೇ ಅದನ್ನು ಕೆಡವಿದರು, ತಾವೂ ಮರಳಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಮೊದಲ ಮಹಾಯುದ್ಧದಿಂದ ಅಲ್ಲಿಯವರೆಗೂ ಕಾದಾಟದ ತಿರುಳು ಒಂದೇ ಆಗಿತ್ತು: ಶತ್ರುವಿನ ಬೆನ್ನಿಗೆ ಬೀಳಬೇಕು, ಕೆಲವು ನೂರು ಮೀಟರ್ ಹತ್ತಿರ ಹೋಗಬೇಕು, ಗುಂಡು ಹಾರಿಸಬೇಕು. ಈಗ ಶತ್ರು ಕಣ್ಣಿಗೇ ಬೀಳುವುದಿಲ್ಲ. ವಾಯುಪಡೆಯಲ್ಲಿ ರಾಡಾರ್ ಪರದೆಯ ಮುಂದೆ ಕೂತು ಪೈಲಟ್‌ಗಳಿಗೆ ದಾರಿ ಹೇಳುವ ಕೆಲಸ ಮಾಡಿದವನು ನಾನು. ಊರಿಗೆ ಬಂದ ಮೇಲೆ ಹುಡುಗರು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: "ಅಂಕಲ್, ನಮ್ಮ ಕ್ಷಿಪಣಿ 100 ಕಿಲೋಮೀಟರ್ ಹೋಗುತ್ತೆ, ಅವರದು ಇನ್ನೂ ಜಾಸ್ತಿ ಹೋಗುತ್ತೆ ಅಂದ್ರೆ ಅವರೇ ಗೆದ್ದ ಹಾಗೆ ಅಲ್ವಾ?"

ಹಾಗಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಡುವಾಗ ಕಾಯಿ ಇದ್ದಲ್ಲೇ ಇರುತ್ತದೆ. ಇಲ್ಲಿ ಗುರಿಯೇ ಗಂಟೆಗೆ ಸಾವಿರ ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದು ನಮ್ಮ ಕಡೆ ಬರುತ್ತಿದೆಯೋ, ನಮ್ಮಿಂದ ದೂರ ಓಡುತ್ತಿದೆಯೋ ಎನ್ನುವುದರ ಮೇಲೆ ಕ್ಷಿಪಣಿಯ ದೂರ ನಿಂತಿದೆ.

ಒಂದು ಲೆಕ್ಕ ಹಾಕೋಣ. ಸುಲಭವಾಗಲಿ ಎಂದು ದುಂಡಗಿನ ಅಂಕಿಗಳನ್ನೇ ತೆಗೆದುಕೊಳ್ಳುತ್ತೇನೆ. ಎರಡು ವಿಮಾನಗಳು ಎದುರುಬದುರು ಬರುತ್ತಿವೆ, ಒಂದೊಂದರ ವೇಗ ಸೆಕೆಂಡಿಗೆ 300 ಮೀಟರ್. ನಡುವಿನ ಅಂತರ 60 ಕಿಲೋಮೀಟರ್ ಇದ್ದಾಗ ನಮ್ಮ ಪೈಲಟ್ ಕ್ಷಿಪಣಿ ಬಿಡುತ್ತಾನೆ. ಅದರ ಸರಾಸರಿ ವೇಗ ಸೆಕೆಂಡಿಗೆ 900 ಮೀಟರ್ ಎಂದಿಟ್ಟುಕೊಳ್ಳಿ. ಶತ್ರು ಹಾಗೇ ಮುಂದೆ ಬಂದರೆ 50 ಸೆಕೆಂಡಿನಲ್ಲಿ ಕ್ಷಿಪಣಿ ತಾಗುತ್ತದೆ, ಹಾರಿದ ದೂರ 45 ಕಿಲೋಮೀಟರ್. ಶತ್ರು ತಕ್ಷಣ ತಿರುಗಿ ಓಡಿದರೆ? ಅದೇ ಕ್ಷಿಪಣಿ 100 ಸೆಕೆಂಡು ಅಟ್ಟಿಸಿಕೊಂಡು ಹೋಗಬೇಕು, 90 ಕಿಲೋಮೀಟರ್ ಹಾರಬೇಕು.

ಅಷ್ಟು ಹಾರಲು ಅದಕ್ಕೆ ಶಕ್ತಿ ಉಳಿದಿರುವುದಿಲ್ಲ. ಇಂಥ ಕ್ಷಿಪಣಿಯ ರಾಕೆಟ್ ಮೋಟಾರು ಸಾಮಾನ್ಯವಾಗಿ ಕೆಲವೇ ಸೆಕೆಂಡು ಉರಿಯುತ್ತದೆ. ಆಮೇಲೆ ಬರೀ ಗಳಿಸಿದ ವೇಗದಲ್ಲಿ ಸಾಗುತ್ತದೆ, ಗಾಳಿಗೆ ಸಿಕ್ಕಿ ನಿಧಾನವಾಗುತ್ತಲೇ ಹೋಗುತ್ತದೆ. ಕೊನೆಯಲ್ಲಿ ಗುರಿ ಪಕ್ಕಕ್ಕೆ ತಿರುಗಿದರೆ ಹಿಂಬಾಲಿಸಿ ತಿರುಗುವ ತಾಕತ್ತೂ ಇರುವುದಿಲ್ಲ. ಕೆಳಗೆ ಗಾಳಿ ದಟ್ಟ. ಅದಕ್ಕೇ ತಪ್ಪಿಸಿಕೊಳ್ಳುವ ಪೈಲಟ್ ತಿರುಗುವುದರ ಜೊತೆಗೆ ನೆಲದ ಕಡೆ ಧುಮುಕುತ್ತಾನೆ. ಜಾಹೀರಾತಿನಲ್ಲಿ ಬರುವ ದೊಡ್ಡ ಅಂಕಿ ಹೆಚ್ಚಾಗಿ ಎತ್ತರದಲ್ಲಿ, ವೇಗವಾಗಿ, ಎದುರಿಗೆ ಬರುವ ಗುರಿಗೆ ಹೇಳಿದ್ದು. ಗುರಿ ತಿರುಗಿ ಓಡಿದರೂ ತಪ್ಪಿಸಿಕೊಳ್ಳಲಾಗದ ದೂರ ಅದಕ್ಕಿಂತ ಬಹಳ ಕಡಿಮೆ. ಪೈಲಟ್‌ಗೆ ಬೇಕಾದದ್ದು ಆ ಚಿಕ್ಕ ಅಂಕಿ.

ಈಗ ಬಿಟ್ಟವನ ಕಡೆ ನೋಡೋಣ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸ್ಪ್ಯಾರೋ ಕ್ಷಿಪಣಿ ತಾಗುವವರೆಗೂ ಪೈಲಟ್ ತನ್ನ ರಾಡಾರನ್ನು ಗುರಿಯ ಮೇಲೇ ಹಿಡಿದಿರಬೇಕಿತ್ತು. ಜೊತೆಗೆ, ಹೆಚ್ಚಿನ ಸಲ ಶತ್ರುವನ್ನು ಕಣ್ಣಾರೆ ಗುರುತಿಸಿದ ಮೇಲೇ ಹೊಡೆಯಬೇಕೆಂಬ ನಿಯಮ ಬೇರೆ. ಬಿಟ್ಟ ಹತ್ತರಲ್ಲಿ ಸುಮಾರು ಒಂದು ಮಾತ್ರ ತಾಗುತ್ತಿತ್ತು. ಆಮೇಲೆ ಬಂದ ಅಮೆರಿಕದ ಅಮ್ರಾಮ್, ನಮ್ಮ ದೇಶದ 'ಅಸ್ತ್ರ' ಕ್ಷಿಪಣಿಗಳ ಮೂತಿಯಲ್ಲೇ ಪುಟ್ಟ ರಾಡಾರ್ ಇದೆ. ಅಮ್ರಾಮ್ ಮೊದಲ ವಿಮಾನ ಕೆಡವಿದ್ದು 1992ರ ಡಿಸೆಂಬರ್ 27ರಂದು, ಇರಾಕಿನ ಮೇಲೆ.

ಆ ಪುಟ್ಟ ರಾಡಾರ್‌ಗೆ ದೂರ ಕಾಣದು. ಗುರಿ ಹತ್ತಿರವಾಗುವವರೆಗೆ ವಿಮಾನವೇ ಡೇಟಾ ಲಿಂಕ್ ಮೂಲಕ ದಾರಿ ಹೇಳಬೇಕು. ಆದರೆ ನೆಟ್ಟಗೆ ಹಾರುತ್ತಲೇ ಹೇಳಿದರೆ 50 ಸೆಕೆಂಡಿನಲ್ಲಿ ನಾವೇ ಶತ್ರುವಿನ ಕಡೆ 15 ಕಿಲೋಮೀಟರ್ ಹೋಗಿರುತ್ತೇವೆ, ಅವನ ಕ್ಷಿಪಣಿಗೆ ಕೆಲಸ ಸುಲಭ ಮಾಡಿಕೊಟ್ಟಂತೆ. ಅದಕ್ಕೇ ಬಿಟ್ಟ ಕೂಡಲೇ ಪೈಲಟ್ ಸುಮಾರು 50 ಡಿಗ್ರಿ ಪಕ್ಕಕ್ಕೆ ತಿರುಗುತ್ತಾನೆ. ಗುರಿ ರಾಡಾರಿನ ಅಂಚಿನಲ್ಲಿ ಕಾಣುತ್ತಲೇ ಇರುತ್ತದೆ, ಹತ್ತಿರವಾಗುವುದು ಮಾತ್ರ 10 ಕಿಲೋಮೀಟರಿಗೆ ಇಳಿಯುತ್ತದೆ. ಇದಕ್ಕೆ ಕ್ರ್ಯಾಂಕ್ ಮಾಡುವುದು ಅನ್ನುತ್ತಾರೆ. ಕ್ಷಿಪಣಿಯ ಸ್ವಂತ ರಾಡಾರ್ ಗುರಿ ಹಿಡಿಯುವ ಹೊತ್ತಿಗೆ ಪೈಲಟ್ ಪೂರ್ತಿ ತಿರುಗಿ ಹೊರಟುಬಿಡಬಹುದು.

ಎಲ್ಲ ಕೆಡುವುದು ಈ ಹೊತ್ತಿನಲ್ಲೇ. ಶತ್ರುವಿನ ಕ್ಷಿಪಣಿ ಬರುತ್ತಿದೆ ಎಂಬ ಎಚ್ಚರಿಕೆಯ ಸದ್ದು ಕಿವಿಗೆ ಬಿದ್ದ ತಕ್ಷಣ ಹೆದರಿ ಬೇಗ ತಿರುಗಿದರೆ ಲಿಂಕ್ ಕಡಿಯುತ್ತದೆ, ಕ್ಷಿಪಣಿ ಗುರಿ ಇರಬಹುದಾದ ಜಾಗಕ್ಕೆ ಕುರುಡಾಗಿ ಹೋಗುತ್ತದೆ. ತಡ ಮಾಡಿದರೆ ಶತ್ರುವಿನ ಕ್ಷಿಪಣಿ ನಮ್ಮನ್ನು ಹಿಡಿಯುತ್ತದೆ. ಆಗ ಸ್ಕ್ವಾಡ್ರನ್‌ನಲ್ಲಿ ಎಷ್ಟು ಕಸರತ್ತು ಕಲಿತಿದ್ದೇವೆ ಎನ್ನುವುದಕ್ಕಿಂತ ಸೆಕೆಂಡುಗಳ ಲೆಕ್ಕ ತಲೆಯಲ್ಲಿ ಓಡುತ್ತಿದೆಯೇ ಎನ್ನುವುದೇ ಮುಖ್ಯ. ನನ್ನ ಪ್ರಕಾರ ಕಾದಾಟ ನಿಜವಾಗಿ ಬದಲಾದದ್ದು ಇಲ್ಲೇ.

ರಫೇಲ್ ಹೊತ್ತೊಯ್ಯುವ ಮೀಟಿಯೋರ್ ಈ ಲೆಕ್ಕವನ್ನು ಮತ್ತೆ ಕದಲಿಸಿದೆ. ಅದರದ್ದು ಹೊರಗಿನ ಗಾಳಿ ಎಳೆದುಕೊಂಡು ಉರಿಯುವ ರಾಮ್‌ಜೆಟ್. ಇಂಧನವನ್ನು ಒಮ್ಮೆಗೇ ಸುಡದೆ ಕೊನೆಯ ಓಟಕ್ಕೂ ಉಳಿಸಿಕೊಳ್ಳುತ್ತದೆ. ಹಾಗಾಗಿ ಅದರ ಎದುರು ತಿರುಗಿ ಓಡಬೇಕೆನ್ನುವವನು ಬಹಳ ಮೊದಲೇ ತಿರುಗಬೇಕು, ಎಷ್ಟೋ ಸಲ ತನ್ನ ಕ್ಷಿಪಣಿ ಬಿಡುವ ದೂರಕ್ಕೆ ಬರುವ ಮೊದಲೇ.